‘ಯಾರು’ ಎಂಬ ಚೌಕದಲ್ಲಿ ತೋಟಪ್ಪ ಬರೆದದ್ದು

ತೋಟಪ್ಪ ಹೊಸಗದ್ದೆ ಕಾಫಿ ಎಸ್ಟೇಟಿನ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಸಾಹುಕಾರರ ಎದುರು ಕುರ್ಚಿಯ ಬೆನ್ನಿಗೆ ಒರಗಿ ಕೂತವರಲ್ಲ. ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿದ್ದ ಎಸ್ಟೇಟ್ ಆಫೀಸು ಅಂದರೆ ಎರಡು ಮೇಜು, ಒಂದು ಕಂಪ್ಯೂಟರು ಮತ್ತು ತೋಟಪ್ಪ. ದೊಡ್ಡ ಸಾಹುಕಾರರು ತೀರಿಕೊಂಡ ಮೇಲೆ ಮಗ ಪ್ರವೀಣ್ ತೋಟ ನೋಡಿಕೊಳ್ಳಲು ಬಂದರು. ಬಂದವರೇ ತಿಂಗಳ ಮೊದಲ ಸೋಮವಾರ ಮೀಟಿಂಗು ಎಂದರು, ಮೀಟಿಂಗು ಮುಗಿದ ದಿನವೇ ಎಲ್ಲರಿಗೂ ಇಮೇಲ್ ಹೋಗಬೇಕು ಎಂದರು. ಐವತ್ತಾರನೇ ವಯಸ್ಸಿನಲ್ಲಿ ತೋಟಪ್ಪ ಎರಡು ಬೆರಳಲ್ಲಿ ಟೈಪು ಮಾಡಲು ಕಲಿತರು. ಮನೆಯಲ್ಲಿ ಹೆಂಡತಿ ನಕ್ಕರು, ಇವರು ನಗಲಿಲ್ಲ.

ಇಮೇಲಿನ ಅಚ್ಚುಕಟ್ಟು ಅವರಿಗೆ ಬಲು ಹಿಡಿಸಿತು. ಮೇಲೆ ಮೀಟಿಂಗಿನ ತಾರೀಕು, ಬಂದವರ ಹೆಸರು. ಅದರ ಕೆಳಗೆ ಆದ ತೀರ್ಮಾನಗಳು. ಆಮೇಲೆ ನಾಲ್ಕು ಕಾಲಮ್ಮಿನ ಪಟ್ಟಿ: ನಂಬರು, ಏನು ಕೆಲಸ, ಯಾರು ಮಾಡಬೇಕು, ಯಾವತ್ತಿನೊಳಗೆ. ಕೊನೆಗೆ ಒಂದು ಸಾಲು: ತಪ್ಪಿದ್ದರೆ ಎರಡು ದಿನದಲ್ಲಿ ತಿಳಿಸಿ, ಇಲ್ಲವಾದರೆ ಒಪ್ಪಿದ್ದೀರೆಂದು ತಿಳಿಯಲಾಗುವುದು. ಇಮೇಲ್ ಇಲ್ಲದ ಮೇಸ್ತ್ರಿ ಗಿಡ್ಡಯ್ಯನಿಗೆ ಜೀಪಿನಲ್ಲಿ ಪ್ರಿಂಟು ಹೋಗುತ್ತಿತ್ತು.

ಪ್ರವೀಣ್ ಮೊದಲ ದಿನವೇ ಹೇಳಿದ್ದರು: “ಒಂದು ಕೆಲಸಕ್ಕೆ ಒಂದೇ ಹೆಸರು ತೋಟಪ್ಪನವ್ರೇ. ಎರಡು ಹೆಸರು ಹಾಕಿದ್ರೆ ಇಬ್ಬರೂ ಮಾಡಲ್ಲ.”

ಹತ್ತು ತಿಂಗಳು ಈ ಪಟ್ಟಿ ಗಡಿಯಾರದ ಹಾಗೆ ನಡೆಯಿತು. ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಯುವುದು, ಗಿಡ್ಡಯ್ಯ, ಜೂನ್ ಐದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ರಿಪೇರಿ, ಪಾಳ್ಯದ ಕಡೆಯ ತೋಟದ ಮ್ಯಾನೇಜರ್ ಮಂಜುನಾಥ್, ಅಕ್ಟೋಬರ್ ಇಪ್ಪತ್ತು. ತಾರೀಕಿಗೆ ಕೆಲಸ ಆಗಿಯೇ ತೀರುತ್ತಿತ್ತು. ಹೆಸರು ಬಿದ್ದ ಮೇಲೆ ಮೈಗಳ್ಳತನಕ್ಕೆ ಜಾಗವೆಲ್ಲಿ?

ಎರಡು ಸಾವಿರದ ಆರರ ಫೆಬ್ರವರಿ ಮೀಟಿಂಗಿಗೆ ಲೈನಿನ ನೀರಿನ ವಿಷಯ ಬಂತು. ಕೆಲಸಗಾರರ ಹನ್ನೆರಡು ಮನೆಗಳ ಆ ಸಾಲಿಗೆ ನೀರು ಬರುವ ಹಳ್ಳ ಮಾರ್ಚಿಗೆ ಬತ್ತುತ್ತದೆ. ಪಕ್ಕದ ತೋಟದಲ್ಲಿ ಬೇಸಿಗೆಯಲ್ಲೂ ಬತ್ತದ ಊಟೆ, ಅಂದರೆ ನೀರಿನ ಬುಗ್ಗೆಯಿದೆ, ಅಲ್ಲಿಂದ ಪೈಪು ಎಳೆಯಬಹುದು, ಆದರೆ ಆ ತೋಟದವರ ಒಪ್ಪಿಗೆ ಬೇಕು. ರೈಟರೋ ಮೇಸ್ತ್ರಿಯೋ ಹೋಗಿ ಕೇಳಿದರೆ ಅವರು ಜಗುಲಿಯಲ್ಲೇ ನಿಲ್ಲಿಸಿ ಕಳಿಸುವ ಜನ. ಪ್ರವೀಣ್ “ನಾನೇ ಹೋಗಿ ಮಾತಾಡ್ತೀನಿ, ಈ ತಿಂಗಳ ಇಪ್ಪತ್ತೆಂಟರೊಳಗೆ” ಎಂದರು.

ಸಂಜೆ ತೋಟಪ್ಪ ಇಮೇಲ್ ಟೈಪು ಮಾಡಲು ಕೂತರು. ನಾಲ್ಕನೇ ನಂಬರು: ಪಕ್ಕದ ತೋಟದ ಒಪ್ಪಿಗೆ ಪಡೆಯುವುದು. ತಾರೀಕು: ಫೆಬ್ರವರಿ ಇಪ್ಪತ್ತೆಂಟು. ‘ಯಾರು’ ಎಂಬ ಚೌಕಕ್ಕೆ ಬಂದಾಗ ಬೆರಳು ನಿಂತಿತು. ಸಂಬಳ ಕೊಡುವ ಧಣಿಯ ಹೆಸರನ್ನು ಮೇಸ್ತ್ರಿಯ ಹೆಸರಿನ ಕೆಳಗೆ, ಇಂಥ ದಿನದೊಳಗೆ ಮಾಡತಕ್ಕದ್ದು ಅಂತ ಬರೆಯುವುದೇ? ಬರೆದರು, ಅಳಿಸಿದರು. ಹೆಸರಿಗೆ ಗೌರವದ ಮಾತು ಸೇರಿಸಿ ನೋಡಿದರು, ಅದೂ ಆದೇಶದ ಹಾಗೇ ಕಂಡಿತು. ಕಡೆಗೆ ‘ಆಫೀಸು’ ಎಂದು ಹಾಕಿ ಕಳಿಸಿದರು. ತಮ್ಮ ನಯಕ್ಕೆ ತಾವೇ ಮೆಚ್ಚಿಕೊಂಡರೆಂದು ಹೇಳದಿದ್ದರೆ ತಪ್ಪಾದೀತು.

ಆ ಶನಿವಾರ ಬಟವಾಡೆಗೆ ತೋಟಕ್ಕೆ ಹೋದಾಗ ಈರಮ್ಮ ಅಡ್ಡ ಬಂದಳು. ಲೈನಿನ ಮೂರನೇ ಮನೆಯವಳು, ಮಂಡಿನೋವಿನ ಹೆಂಗಸು.

“ರೈಟ್ರಯ್ಯ, ನಮ್ ನೀರಿಂದು ಬರ್ದ್ರಾ?”

“ಬರ್ದಿದ್ದೀನಿ ಕಣವ್ವ.”

“ಬರ್ದ್ಬುಟ್ರೆ ಆಯ್ತು ಬುಡಿ. ನೀವು ಬರ್ದದ್ದು ಯಾವತ್ತು ಆಗ್ದೆ ಉಳ್ದೈತೆ?”

ಫೆಬ್ರವರಿ ಇಪ್ಪತ್ತೆಂಟು ಬಂತು, ಹೋಯಿತು. ಪ್ರವೀಣ್ ಆ ತಿಂಗಳ ಮುಕ್ಕಾಲು ಭಾಗ ಬೆಂಗಳೂರಿನಲ್ಲಿದ್ದರು. ಇಮೇಲ್ ಬಂದಾಗ ಎಲ್ಲರಂತೆ ಅವರೂ ತಮ್ಮ ಹೆಸರೆಲ್ಲಿದೆ ಎಂದಷ್ಟೇ ಹುಡುಕಿದ್ದರು, ಎಲ್ಲೂ ಇರಲಿಲ್ಲ. ತೋಟಪ್ಪನವರಿಗೆ ನೆನಪಿತ್ತು. ಎರಡು ಸಲ ಫೋನಿನ ತನಕ ಕೈ ಹೋಗಿ ವಾಪಸು ಬಂತು. ಧಣಿಗೆ ನೆನಪಿಸುವುದು ಹೇಗೆ ಎಂಬ ಅದೇ ಹಾಳು ಸಂಕೋಚ. ಮಾರ್ಚ್ ಎರಡಕ್ಕೆ ಹಳ್ಳ ನಿಂತಿತು. ಲೈನಿನ ಹೆಂಗಸರು ಹೊತ್ತು ಹುಟ್ಟುವ ಮೊದಲೇ ಬಿಂದಿಗೆ ಹಿಡಿದು ಕೆಳಗಿನ ಹೊಳೆಗೆ ಒಂದೂವರೆ ಮೈಲಿ ಇಳಿದು, ನೀರು ಹೊತ್ತು ಹತ್ತತೊಡಗಿದರು. ಈರಮ್ಮನೂ ಹತ್ತಿದಳು.

ಮಾರ್ಚ್ ಆರರ ಮೀಟಿಂಗಿನಲ್ಲಿ ಪ್ರವೀಣ್ ಹಳೆಯ ಇಮೇಲಿನ ಪ್ರಿಂಟು ಹಿಡಿದು ಒಂದೊಂದೇ ನಂಬರು ಓದುತ್ತ ಬಂದರು. ನಾಲ್ಕಕ್ಕೆ ನಿಂತರು.

“ಇದ್ಯಾಕೆ ಆಗಿಲ್ಲ? ಆಫೀಸು ಅಂತಿದೆ. ಆಫೀಸು ಅಂದ್ರೆ ಯಾರು?”

ಗಿಡ್ಡಯ್ಯ ನೆಲ ನೋಡಿದ. ಮಂಜುನಾಥ್ ಪೆನ್ನಿನ ಮುಚ್ಚಳ ಹಾಕಿ ತೆಗೆದ. ಆಫೀಸು ಎಂದರೆ ಯಾರೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

“ನಾನು ಸರ್” ಎಂದರು ತೋಟಪ್ಪ.

“ನೀವು ಮಾಡದೆ ಬಿಟ್ರಾ? ಇಷ್ಟು ವರ್ಷದಲ್ಲಿ ಒಂದು ಕೆಲಸ ಬಿಟ್ಟವರಲ್ಲ. ವಯಸ್ಸಾಯ್ತೇನೋ, ಈ ಇಮೇಲ್ ಕೆಲಸ ಇನ್ಯಾರಿಗಾದ್ರೂ ಕೊಡೋಣ ಅಂದ್ರೆ ಹೇಳಿ.”

ನೀವೇ ಒಪ್ಪಿಕೊಂಡಿದ್ದಿರಿ ಎನ್ನುವ ಮಾತು ತೋಟಪ್ಪನವರ ನಾಲಿಗೆಯ ತುದಿಗೆ ಬಂದು ಕೂತಿತು. ಇಬ್ಬರ ಎದುರು ಧಣಿಯ ಮುಖ ಕೆಡಿಸಲು ಮನಸ್ಸಾಗಲಿಲ್ಲ. “ಇವತ್ತೇ ಸರಿಮಾಡಿ ಕಳಿಸ್ತೀನಿ ಸರ್” ಎಂದಷ್ಟೇ ಹೇಳಿದರು. ನಿವೃತ್ತಿಗೆ ಇನ್ನು ಎರಡು ವರ್ಷ.

ಸಂಜೆ ಅದೇ ಚೌಕದ ಮುಂದೆ ಕೂತರು. ಆಫೀಸು ಅಂತಲೇ ಬಿಟ್ಟರೆ ತಾವು ಪಕ್ಕದ ತೋಟದ ಜಗುಲಿಯ ತನಕ ಹೋಗಿ ಬರುವುದು, ಲೈನಿನವರು ಮಳೆಗಾಲದವರೆಗೆ ಬಿಂದಿಗೆ ಹೊರುವುದು. ತೋಟಪ್ಪ ಟೈಪು ಮಾಡಿದರು:

ಹಿಂದಿನ ಪಟ್ಟಿಗೆ ತಿದ್ದುಪಡಿ: ಫೆಬ್ರವರಿ ಆರರ ಮೀಟಿಂಗಿನಲ್ಲಿ ನಾಲ್ಕನೇ ಕೆಲಸವನ್ನು ಪ್ರವೀಣ್ ಒಪ್ಪಿಕೊಂಡಿದ್ದರು. ‘ಆಫೀಸು’ ಎಂದು ಬರೆದದ್ದು, ಆಮೇಲೆ ನೆನಪಿಸದಿದ್ದದ್ದು ಎರಡೂ ನನ್ನ ತಪ್ಪು.

ಹೊಸ ಪಟ್ಟಿ:
೧. ಪಕ್ಕದ ತೋಟದ ಒಪ್ಪಿಗೆ – ಪ್ರವೀಣ್ – ಮಾರ್ಚ್ ೮
೨. ಊಟೆಯಿಂದ ಲೈನಿಗೆ ಪೈಪು – ಗಿಡ್ಡಯ್ಯ – ಮಾರ್ಚ್ ೧೫
೩. ತಡವಾದದ್ದು ಯಾರಿಂದ ಎಂದು ಲೈನಿಗೆ ತಿಳಿಸುವುದು – ತೋಟಪ್ಪ – ಮಾರ್ಚ್ ೭

ಮೂರನೆಯದು ಮೀಟಿಂಗಿನಲ್ಲಿ ಆದ ತೀರ್ಮಾನವಲ್ಲ. ಪಟ್ಟಿಗೆ ತಾವಾಗಿಯೇ ಸೇರಿಸಿದ ಕೆಲಸ ಅದೊಂದೇ, ಹಾಗೆಂದೇ ಪಕ್ಕದಲ್ಲಿ ನಮೂದಿಸಿದರು. ಕಳಿಸುವ ಬಟನ್ ಒತ್ತಿದರು.

ಬೆಳಿಗ್ಗೆ ಉತ್ತರ ಬಂದಿತ್ತು. “ಒಂದು: ಸರಿ, ನಾನು ಹೋಗ್ತೀನಿ. ಮೂರು: ನಿಮ್ಮ ಜೊತೆ ನನ್ನ ಹೆಸರನ್ನೂ ಹೇಳಿ. ಇಮೇಲ್ ನೀವೇ ಬರೀರಿ.” ತೋಟಪ್ಪ ಅದನ್ನು ಮೂರು ಸಲ ಓದಿದರು, ಕನ್ನಡಕ ಒರೆಸಿಕೊಂಡರು.

ಹೊಸ ಪಟ್ಟಿಯ ಪ್ರಿಂಟು ಮಡಚಿ ಜೇಬಿಗಿಟ್ಟು ಲೈನಿಗೆ ಹೋದರು. ಈರಮ್ಮ ಬಿಂದಿಗೆ ಇಳಿಸಿ ಮಂಡಿ ತಿಕ್ಕಿಕೊಳ್ಳುತ್ತಿದ್ದಳು. ಇವರು ನಿಂತೇ ಎಲ್ಲ ಹೇಳಿದರು: ಮಾತಾಡುವೆನೆಂದವರು ಸಾಹುಕಾರರು, ಅವರ ಹೆಸರು ಬರೆಯಲು ಹೆದರಿದವನು ತಾನು.

ಈರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

“ಈಗ ಸರಿಯಾಗಿ ಬರ್ದಿದ್ದೀರಾ?”

“ಬರ್ದಿದ್ದೀನಿ ಕಣವ್ವ.”

“ಹಂಗೇ ಅಂದಿದ್ರಿ ಆಗ್ಲೂವೆ” ಎಂದಳು ಈರಮ್ಮ, ಕೈ ಚಾಚಿ. “ಆ ಕಾಗ್ದ ಇತ್ಲಾಗ್ ಕೊಡಿ. ನಂಗೆ ಓದಾಕ್ ಬರಲ್ಲ, ನಮ್ ಪಕ್ಕದ್ಮನೆ ನಂಜಮ್ಮನ ಮಗಳಿಗೆ ಬತ್ತೈತೆ. ಇನ್ಮ್ಯಾಕೆ ಪ್ರತಿ ತಿಂಗ್ಳೂ ಒಂದು ಇಲ್ಲಿ ಗೋಡೆಗೆ ಅಂಟ್ಸಿ ಹೋಗಿ.”

ತೋಟಪ್ಪ ಜೇಬಿನಿಂದ ಕಾಗದ ತೆಗೆದು ಕೊಟ್ಟರು. ಅದನ್ನು ಗೋಡೆಗೆ ಅಂಟಿಸಲು ಒಲೆಯ ಮೇಲಿದ್ದ ಅನ್ನದ ಎರಡು ಅಗುಳು ಕೇಳಿ ಇಸಿದುಕೊಂಡರು.