ಕಾರ್ಡಿಲ್ಲದ ಕಂಪ್ಯೂಟರ್

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು ಅವಳು. ಜೊತೆಯವರ ಬಾಯಲ್ಲಿ ಅನುಮಾನದಕ್ಕ. ಬೀಗ ಹಾಕಿ, ಎಳೆದು ನೋಡಿ, ಬೀದಿ ತುದಿಯಿಂದ ವಾಪಸ್ ಬಂದು ಮತ್ತೆ ಎಳೆಯುವವಳನ್ನು ಇನ್ನೇನಂತ ಕರೆಯೋಣ ಹೇಳಿ. ಅವಳಿಗೆ ತನ್ನವರು ಅಂತ ಇದ್ದವನು ದೂರದ ಊರಿನ ತಮ್ಮ ಒಬ್ಬನೇ. ಅಮ್ಮ ಸಾಯುವಾಗ ಬರಲಿಲ್ಲ ಅಂತ ಅವನಿಗೆ ಬಾಯಿಗೆ ಬಂದಂತೆ ಬೈದಿದ್ದಳು. ಅವನು ಫೋನ್ ಎತ್ತುವುದನ್ನೇ ಬಿಟ್ಟಿದ್ದ.

ಆದರೂ ಪ್ರತಿ ಭಾನುವಾರ ಸಂಜೆ ಇಬ್ಬರೂ ತಂತಮ್ಮ ಮನೆಯ ಕಂಪ್ಯೂಟರಿನಲ್ಲಿ, ಇಂಟರ್ನೆಟ್ಟಿನ ಒಂದೇ ಆಟದೊಳಗೆ ಲಾರಿ ಓಡಿಸುತ್ತಿದ್ದರು. ಅವರಪ್ಪ ಲಾರಿ ಡ್ರೈವರ್ ಆಗಿದ್ದ. ಆ ಆಟದ ಹುಚ್ಚು ಇಬ್ಬರಿಗೂ ಹಾಗೇ ಅಂಟಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು 'ಮುಂದೆ ತಿರುವಿದೆ', 'ನಿಧಾನ' ಅಂತ ಎರಡು ಮಾತು. ಮೊನ್ನೆ ಮೊನ್ನೆ ಅವನು ಅಮ್ಮನ ವಿಷಯ ಎತ್ತಿದ. ಅಷ್ಟರಲ್ಲೇ ಅವಳ ಮುದಿ ಕಂಪ್ಯೂಟರ್ ಪೂರ್ತಿ ನಿಂತುಹೋಯಿತು. ಮುಂದಿನ ವಾರವೂ ಅದೇ ಕತೆ. ಆಮೇಲೆ ತಮ್ಮನ ಮೆಸೇಜು ಬಂತು: 'ಅಮ್ಮನ ಮಾತು ಬಂದ್ರೆ ಎದ್ದು ಹೋಗ್ತೀಯ. ಇನ್ನೊಂದ್ಸಲ ಹಾಗಾದ್ರೆ ನಾನು ಬರಲ್ಲ.' ಮಷೀನಿನ ತಪ್ಪು ಅಂತ ಎಷ್ಟು ಹೇಳಿದರೂ ಅವನು ನಂಬಲಿಲ್ಲ.

ಶನಿವಾರ ಅವಳು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಅಂಗಡಿಯಲ್ಲಿ ಕೂತಿದ್ದಳು. ಇದ್ದಬದ್ದ ದುಡ್ಡೆಲ್ಲ ಪರ್ಸಿನಲ್ಲಿತ್ತು.

"ಈ ದುಡ್ಡಿಗೆ ಎರಡೇ ದಾರಿ ಅಕ್ಕ," ಅಂದ ಅಂಗಡಿಯವನು. "ಇಲ್ಲಿರೋ ಹಳೇ ಮಷೀನಿಗೆ, ಪರದೆ ಮೇಲೆ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್, ಬಳಸಿದ್ದು, ಹಾಕ್ಕೊಡ್ತೀನಿ. ಇಲ್ಲಾ, ಸ್ವಲ್ಪ ಹೊಸ ಮಷೀನ್ ತಗೊಳ್ಳಿ. ಅದರ ಪ್ರೊಸೆಸರ್, ಅಂದ್ರೆ ಮುಖ್ಯ ಚಿಪ್ ಒಳಗೇ ಗ್ರಾಫಿಕ್ಸ್ ಇದೆ, ಬೇರೆ ಕಾರ್ಡ್ ಇರಲ್ಲ."

"ಕಾರ್ಡಿರೋದೇ ಕೊಡಪ್ಪ. ಕಣ್ಣಿಗೆ ಕಾಣೋ ಹಾಗಿರುತ್ತೆ."

"ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ಯಾರು ಎಷ್ಟು ದುಡಿಸಿದ್ದಾರೋ ನಂಗೂ ಗೊತ್ತಿಲ್ಲ. ಗ್ಯಾರಂಟಿ ಕೊಡಲ್ಲ."

ಅನುಮಾನದಕ್ಕ ಸುಮ್ಮನೆ ಬಿಡುವವಳೇ? ತನ್ನ ಲಾರಿ ಆಟವನ್ನೇ ಹಾಕಿಸಿ ಓಡಿಸಿ ನೋಡಿದಳು. ಕಾರ್ಡಿನ ಮಷೀನ್ ಮೊದಮೊದಲು ಸೊಗಸಾಗಿ ಓಡಿತು. ಸ್ವಲ್ಪ ಹೊತ್ತಿಗೆ ಕಾರ್ಡಿನ ಫ್ಯಾನ್ ಕಿರುಚಿಕೊಂಡಿತು, ಪರದೆ ತುಂಬಾ ಬಣ್ಣಬಣ್ಣದ ಗೆರೆ ಬಂತು, ಆಟ ನಿಂತಿತು. ಇದೇ ನಾಳೆ ಆಗಿದ್ದರೆ?

ಕಾರ್ಡಿಲ್ಲದ ಇನ್ನೊಂದಾದರೂ ಸರಿ ಇರುತ್ತೆ ಅಂದುಕೊಂಡರೆ ಅದೂ ಕುಂಟಿತು. ನಿಲ್ಲಲಿಲ್ಲ, ಆದರೆ ಪೇಟೆ ಬಂದ ಕಡೆಯೆಲ್ಲ ಲಾರಿ ತಡೆತಡೆದು ಹೋಯಿತು. "ನನ್ನ ಹಣೆಬರಹವೇ ಇಷ್ಟು," ಅಂತ ಎದ್ದೇಬಿಟ್ಟಳು.

"ಕೂತ್ಕೊಳ್ಳಿ ಅಕ್ಕ," ಅಂದ ಅವನು, ಮಷೀನಿನ ಡಬ್ಬಿ ಬಿಚ್ಚಿ ಇಣುಕುತ್ತಾ. "ನಂದೇ ತಪ್ಪು. ಹದಿನಾರು ಜಿಬಿ ರ‍್ಯಾಮನ್ನ ಒಂದೇ ಪಟ್ಟಿಯಲ್ಲಿ ಹಾಕಿಬಿಟ್ಟಿದೀನಿ. ಕಾರ್ಡಿಗಾದ್ರೆ ಸ್ವಂತ ಮೆಮೊರಿ ಇರುತ್ತೆ. ಒಳಗಿನ ಗ್ರಾಫಿಕ್ಸಿಗೆ ಇರಲ್ಲ, ಈ ರ‍್ಯಾಮಲ್ಲೇ ಪಾಲು ತಗೋಬೇಕು. ಒಂದೇ ನಲ್ಲಿಗೆ ಇಡೀ ವಠಾರ ಕೊಡ ಇಟ್ಟ ಹಾಗೆ ಆಗಿದೆ."

ಅದನ್ನು ತೆಗೆದು ಎಂಟೆಂಟು ಜಿಬಿಯ ಎರಡು ಪಟ್ಟಿ ಸಿಕ್ಕಿಸಿದ. "ಈಗ ನಲ್ಲಿ ಎರಡಾಯ್ತು," ಅಂದ. ಬೆಲೆ ಹೆಚ್ಚಾಗಲಿಲ್ಲ. ಆಟದ ಸೆಟ್ಟಿಂಗಿನಲ್ಲಿ ನೆರಳು, ಮರಗಿಡಗಳ ಗುಣಮಟ್ಟವನ್ನೂ ಇಳಿಸಿದ. ಮರಗಳು ಬೋಳುಬೋಳಾದವು, ಆದರೆ ಲಾರಿ ಎಲ್ಲೂ ತಡೆಯಲಿಲ್ಲ. ಅಂಗಡಿ ಬಾಗಿಲು ಹಾಕುವವರೆಗೂ ಅವಳು ಓಡಿಸಿದಳು. ಅಂಗಡಿಯವನು ಆಕಳಿಸುತ್ತಾ ಕಾದ, ಪಾಪ. ಕೊನೆಗೆ ದುಡ್ಡು ಎಣಿಸಿ ಕೊಟ್ಟು ಅದನ್ನೇ ಮನೆಗೆ ತಂದಳು.

ಭಾನುವಾರ ಸಂಜೆ ತಮ್ಮ ಆಟಕ್ಕೆ ಬಂದ. ಬಿಗುವಾಗೇ ಮಾತಾಡಿದ. ಪೇಟೆ ದಾಟಿತು, ಸೇತುವೆ ದಾಟಿತು. ಅವಳ ಕಣ್ಣು ರಸ್ತೆ ಮೇಲೆ, ಕಿವಿ ಫ್ಯಾನಿನ ಮೇಲೆ. ನಿಲ್ಲಬೇಡ, ನಮ್ಮಪ್ಪ, ಇವತ್ತೊಂದು ದಿನ ನಿಲ್ಲಬೇಡ ಅಂತ ಮಷೀನನ್ನೇ ಬೇಡಿಕೊಂಡಳು.

"ಅಕ್ಕ," ಅಂದ ಅವನು. "ಅಮ್ಮ ಕೊನೇಲಿ ನನ್ನ ಕೇಳಿದ್ಲಾ?"

ಮಷೀನ್ ನಿಲ್ಲಲಿಲ್ಲ. ಲಾರಿ ನುಣ್ಣಗೆ ಓಡುತ್ತಲೇ ಇತ್ತು. ಈ ಪ್ರಶ್ನೆಗೆ ಉತ್ತರವನ್ನು ತಾನು ಯೋಚಿಸಿಯೇ ಇಲ್ಲ ಅನ್ನುವುದು ಅವಳಿಗೆ ಆಗ ಹೊಳೆಯಿತು. ಇಷ್ಟು ದಿನ ಹೆದರಿದ್ದೆಲ್ಲ ಡಬ್ಬಿಗೆ.

"ಇದೀಯಾ ಅಕ್ಕ?"

"ಇದೀನಿ ಕಣೋ. ಕೇಳ್ತಾನೇ ಇದ್ಲು. ಬಾಗಿಲು ಸದ್ದಾದ್ರೆ ನೀನೇ ಬಂದೆ ಅಂತಿದ್ಲು. ನಿನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದು ನಂಗೆ."

ಮುಂದೆ ಹೋಗುತ್ತಿದ್ದ ಅವನ ಲಾರಿ ಪಕ್ಕಕ್ಕೆ ಸರಿದು ರಸ್ತೆ ಅಂಚಿಗೆ ನಿಂತಿತು. ಹೆಡ್‌ಫೋನಿನಲ್ಲಿ ಅವನು ಅಳುವುದು ಕೇಳಿಸಿತು. ಅವಳು ತನ್ನ ಲಾರಿಯನ್ನೂ ಅದರ ಹಿಂದೆಯೇ ನಿಲ್ಲಿಸಿ, ಅವನು ಸುಧಾರಿಸಿಕೊಳ್ಳಲಿ ಅಂತ ಕಾದಳು.