ರೊಟ್ಟಿ ಕೇಂದ್ರಕ್ಕೆ ಬಂದ ಅವಸರದ ನೋಂದಣಿ

ಶಹಾಪುರದಲ್ಲಿ ನಾನೂ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿಯೂ ಸೇರಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವುದೆಂದು ನಿರ್ಧರಿಸಿದಾಗ ಒಲೆಗಿಂತ ಮೊದಲು ಕಾಗದಗಳ ಹಿಂದೆ ಓಡಬೇಕಾಯಿತು. ನಗರಸಭೆಯ ವ್ಯಾಪಾರ ಪರವಾನಗಿಗೆ ಬಾಡಿಗೆ ಕರಾರು, ಮನೆ ತೆರಿಗೆ ರಸೀದಿ ಕೊಟ್ಟು ಹಲವು ಸಲ ತಿರುಗಿದೆವು. ಅಲ್ಲಿನ ಗುಮಾಸ್ತ, ‘ಇದು ಮಾರ್ಚ್‌ಗೆ ಮುಗೀತದ್ರಿ, ಪ್ರತಿ ವರ್ಷಾ ಬಂದು ನವೀಕರಣ ಮಾಡಿಸಬೇಕು’ ಅಂದ. ಆಹಾರ ಸುರಕ್ಷತೆಯ ನೋಂದಣಿ ಬೇರೆಯೇ, ಅದು ಆನ್‌ಲೈನ್‌ನಲ್ಲಿ ಆಗಬೇಕು.

ಅದಕ್ಕೆ ತಹಶೀಲ್ ಕಚೇರಿಯ ಹತ್ತಿರ ಕಂಪ್ಯೂಟರ್ ಇಟ್ಟುಕೊಂಡಿದ್ದ ಒಬ್ಬನ ಕಡೆ ಹೋದೆವು. ‘ಲಗೂನ ಬೇಕ್ರಿ’ ಅಂದೆ. ಅವನು ನನ್ನ ಫೋಟೊ, ಆಧಾರ್ ತೆಗೆದುಕೊಂಡ. ಮರುದಿನವೇ ಹದಿನಾಲ್ಕು ಅಂಕಿಯ ಸಂಖ್ಯೆಯಿದ್ದ ಪತ್ರ ಕೈಗಿಟ್ಟ. ನನ್ನ ನೆಗೆಣ್ಣಿ ಖುಷಿಪಟ್ಟಳು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ನಗರಸಭೆಯಲ್ಲಿ ಅಷ್ಟು ತಿರುಗಿಸಿದರು, ಇಲ್ಲಿ ಯಾರೂ ಬಂದು ಅಡುಗೆಮನೆ ನೋಡಲಿಲ್ಲ, ಒಂದು ಪ್ರಶ್ನೆಯೂ ಕೇಳಲಿಲ್ಲ. ಪತ್ರ ಖೊಟ್ಟಿ ಇರಬಹುದೇ ಎಂದು ಬೆಳಕಿಗೆ ಹಿಡಿದು ಹಿಡಿದು ನೋಡಿದೆ.

ಸುರಪುರದ ಕಿರಾಣಿ ಅಂಗಡಿಯವರೊಬ್ಬರು ನಮ್ಮ ರೊಟ್ಟಿ ಕಟ್ಟು ಇಡಲು ಒಪ್ಪಿದ್ದರು. ಕಟ್ಟಿನ ಮೇಲೆ ಆ ಸಂಖ್ಯೆ ಅಚ್ಚಾಗಿರಲೇಬೇಕು ಅಂದಿದ್ದರು. ಅಚ್ಚು ಹಾಕಿಸುವ ಮೊದಲು ಅವರಿಗೆ ಪತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ‘ಅಕ್ಕಾರ, ಇದರಾಗ ಚಿಲ್ಲರೆ ಮಾರಾಟ ಅಂತ ಐತಿ. ನೀವು ತಯಾರು ಮಾಡೋರು ಅಲ್ಲೇನ್ರಿ?’ ಅಂದರು.

ಮನೆಗೆ ಬಂದು ಸರ್ಕಾರದ ಜಾಲತಾಣದಲ್ಲಿ ಸಂಖ್ಯೆ ಹಾಕಿ ನೋಡಿದೆವು. ಪತ್ರ ಖೊಟ್ಟಿಯಲ್ಲ. ನನ್ನ ಹೆಸರು, ವಿಳಾಸ ಎಲ್ಲ ಸರಿ. ಆದರೆ ವ್ಯವಹಾರದ ಬಗೆ ಚಿಲ್ಲರೆ ಮಾರಾಟ. ಲಾಗಿನ್ ಮಾಡೋಣವೆಂದರೆ ಒಟಿಪಿ ನನ್ನ ಮೊಬೈಲಿಗೆ ಬರಲೇ ಇಲ್ಲ.

‘ಅಕ್ಕ, ಆ ಕಂಪ್ಯೂಟರಿನವ ತನ್ನ ನಂಬರ್ ಹಾಕ್ಯಾನ’ ಅಂದಳು ನೆಗೆಣ್ಣಿ. ನವೀಕರಣದ ಸೂಚನೆ ಬಂದರೂ ಅವನಿಗೇ ಬರುತ್ತದೆ. ಪ್ರತಿ ಸಲ ನಾವು ಅವನ ಬಾಗಿಲಿಗೆ ಹೋಗಲೇಬೇಕಾದ ಹಾಗೆ ಗಂಟು ಹಾಕಿಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಅವನ ಕಡೆ ಹೋಗಿ ಕೇಳಿದೆ. ಅವನು ಮುಖ ಎತ್ತದೆ, ‘ಲಗೂನ ಬೇಕಂದ್ರಿ, ತಯಾರಿಕೆ ಅಂತ ಹಾಕಿದ್ರ ಅಧಿಕಾರಿ ಬಂದು ನೋಡಬಹುದು, ತಡಾ ಆಗ್ತದ. ಅದಕ್ಕ ಹಂಗ ಹಾಕೀನ್ರಿ’ ಅಂದ.

‘ನಂಬರ್?’

‘ಎಲ್ಲಾರ್ದೂ ನನ್ನದ ಹಾಕ್ತೀನ್ರಿ. ಹೆಣ್ಮಕ್ಕಳಿಗೆ ತಾಪತ್ರಯ ಬ್ಯಾಡಂತ.’

‘ನನ್ನ ಎದುರಿಗೇ ಒಟಿಪಿ ಹಾಕಿ ಈ ನೋಂದಣಿ ವಾಪಸ್ ಒಪ್ಪಿಸೋ ಅರ್ಜಿ ಹಾಕ್ರಿ’ ಅಂದೆ. ಹಾಕಿದ. ಪರದೆಯ ಮೇಲಿನ ಒಂದೊಂದು ಸಾಲನ್ನೂ ಓದದೆ ನಾನು ಕದಲಲಿಲ್ಲ.

ಯಾದಗಿರಿಗೆ ಹೋಗಿ ಆಹಾರ ಸುರಕ್ಷತಾ ಅಧಿಕಾರಿಯನ್ನು ಕಂಡೆವು. ಅವರು ತಾಳ್ಮೆಯಿಂದ, ‘ಸಣ್ಣ ವ್ಯಾಪಾರಕ್ಕ ನೋಂದಣಿ ಸಾಕು, ದೊಡ್ಡ ಲೈಸೆನ್ಸ್ ಬ್ಯಾಡ. ತಯಾರಿಕೆ ಅಂತ ಹೊಸದಾಗಿ ನೀವ ಅರ್ಜಿ ಹಾಕ್ರಿ, ನಿಮ್ಮ ಮೊಬೈಲ್ ಕೊಡ್ರಿ. ಮುಗಿಯೋ ಮೊದಲ ನವೀಕರಣ ಮಾಡ್ರಿ, ಮುಗಿದ ಮ್ಯಾಲೆ ಹಾಕಿದ್ರ ದಂಡ ಬೀಳ್ತದ’ ಅಂದರು. ಅಷ್ಟು ಮೆತ್ತಗೆ ಮಾತಾಡಿದ್ದಕ್ಕೇ ನನಗೆ ಅನುಮಾನ. ಅಡುಗೆಮನೆ ನೋಡಲು ಬಂದಾಗ ಎಷ್ಟು ದುಡ್ಡು ಕೇಳುತ್ತಾರೋ ಎಂದು ಬಸ್ಸಿನಲ್ಲಿ ಉದ್ದಕ್ಕೂ ಯೋಚಿಸಿದೆ.

ನನ್ನ ಮೊಬೈಲ್ ಕೊಟ್ಟು ನಾವೇ ಅರ್ಜಿ ಹಾಕಿದ ಮೇಲೆ ಅಧಿಕಾರಿ ಬಂದರು. ಹಿಟ್ಟಿನ ಡಬ್ಬಿಗಳ ಮುಚ್ಚಳ ತೆಗೆಸಿದರು, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಅಂದರು, ಕಿಟಕಿಗೆ ನೊಣ ಬರದ ಹಾಗೆ ಜಾಳಿಗೆ ಹಾಕಿಸಿ, ಇಬ್ಬರೂ ವೈದ್ಯಕೀಯ ತಪಾಸಣೆ ಮಾಡಿಸಿ ಅಂದರು. ನೆಗೆಣ್ಣಿ ಚಹಾ ತಂದಿಟ್ಟಳು. ಅದನ್ನೂ ಕುಡಿಯದೆ ಹೊರಟರು. ಕೊರತೆ ಬರೆದು ಅರ್ಜಿ ತಿರಸ್ಕರಿಸಲೆಂದೇ ಚಹಾ ಮುಟ್ಟಲಿಲ್ಲವೆಂದು ನಾನು ಅಂದುಕೊಂಡೆ. ನೆಗೆಣ್ಣಿ ನಕ್ಕಳು. ‘ನೀ ಯಾರನ್ನ ನಂಬ್ತಿ ಅಕ್ಕ?’

ಜಾಳಿಗೆ ಹಾಕಿಸಿ, ತಪಾಸಣೆ ಮುಗಿಸಿ ಕಾದೆವು. ನನ್ನ ಮೊಬೈಲಿಗೇ ಸಂದೇಶ ಬಂತು: ತಯಾರಿಕೆ ನೋಂದಣಿ ಮಂಜೂರಾಗಿದೆ. ಆ ಸಂಖ್ಯೆಯನ್ನೇ ಕಟ್ಟಿನ ಮೇಲೆ ಅಚ್ಚು ಹಾಕಿಸಿದೆವು. ಸುರಪುರದ ಅಂಗಡಿಯವರು ಓದಿ ತಲೆಯಾಡಿಸಿ ಕಪಾಟಿನಲ್ಲಿ ಇಟ್ಟರು. ಈಗ ನಮ್ಮ ಕಟ್ಟುಗಳು ಕಕ್ಕೇರಾ, ನಾರಾಯಣಪುರಕ್ಕೂ ಹೋಗುತ್ತವೆ.

ಕಂಪ್ಯೂಟರಿನವನು ನಿಜವಾಗಿ ಸಹಾಯ ಮಾಡಿದ್ದನೋ, ನಮ್ಮನ್ನು ಕಟ್ಟಿಹಾಕಲು ಹೊರಟಿದ್ದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕರೆ ಚೆನ್ನಾಗಿಯೇ ಮಾತಾಡಿಸುತ್ತಾನೆ. ಮೊನ್ನೆ ಮಾರ್ಚ್ ಹತ್ತಿರ ಬಂದಾಗ, ‘ಪರವಾನಗಿ ನವೀಕರಣ ನಾನ ಮಾಡಿಕೊಡ್ಲೇನ್ರಿ?’ ಅಂದ. ‘ಬ್ಯಾಡ್ರಿ, ನಗರಸಭಿಗೇ ಹೊಂಟೀನಿ’ ಅಂದು, ಕಾಗದಗಳಿದ್ದ ಕೈಚೀಲವನ್ನು ಎದೆಗೊತ್ತಿಕೊಂಡು ಮುಂದೆ ನಡೆದೆ.