ಅಕ್ಕನ ಪಾಲಿನ ಅಸಲು

ಕಮಲಾಪುರದ ಪತ್ತಿನ ಸಹಕಾರಿ ಸಂಘದಲ್ಲಿ ನಾನು ಲೆಕ್ಕ ಬರೆಯುವವನು. ಊರವರ ಸಾಲಗಳಿಗೆಲ್ಲ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂಬ ತಖ್ತೆ ಮಾಡಿಕೊಟ್ಟು ರೂಢಿ. ಮನೆಯವರದೇ ಮಾಡುವ ಹೊತ್ತು ಬಂದಾಗ ಮಾತ್ರ ಮನಸ್ಸು ಹಿಂಜರಿಯಿತು.

ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯನ್ನು ಅಕ್ಕ, ಅಣ್ಣ ಕೂಡಿ ಸಾಲದಲ್ಲಿ ಕೊಂಡಿದ್ದರು. ಹತ್ತು ಲಕ್ಷ, ವರ್ಷಕ್ಕೆ ನೂರಕ್ಕೆ ಒಂಬತ್ತರ ಬಡ್ಡಿ, ಇಪ್ಪತ್ತು ವರ್ಷ. ಅಣ್ಣ ಆಗ ನೌಕರಿ ಹುಡುಕುತ್ತಿದ್ದ. ಹಾಗಾಗಿ ಮೊದಲ ಹತ್ತು ವರ್ಷದ ಕಂತು ನರ್ಸ್ ಆಗಿದ್ದ ಅಕ್ಕನದು, ಉಳಿದ ಹತ್ತು ವರ್ಷ ಅಣ್ಣನದು. ಸೋದರಮಾವ ಛಾಪಾ ಕಾಗದದ ಮೇಲೆ ಬರೆಸಿದ್ದ: ಯಾರು ಎಷ್ಟು ಅಸಲು ತೀರಿಸುತ್ತಾರೋ ಮನೆಯಲ್ಲಿ ಅವರಿಗೆ ಅಷ್ಟು ಪಾಲು. 'ಬಡ್ಡಿ ಬ್ಯಾಂಕಿಂದು, ಅಸಲು ಮನೀದು' ಎಂದು ದೊಡ್ಡ ನ್ಯಾಯಾಧೀಶನ ಹಾಗೆ ಹೇಳಿದ್ದ.

ಸಾಲ ತೀರಿತು. ಅಕ್ಕನ ಪಾಲಿನ ದುಡ್ಡು ಕೊಟ್ಟು ಮನೆ ತನ್ನೊಬ್ಬನ ಹೆಸರಿಗೆ ಮಾಡಿಕೊಳ್ಳಲು ಅಣ್ಣ ಸಿದ್ಧನಾದ. ಇಬ್ಬರೂ ಒಂದೇ ಮೊತ್ತದ ಕಂತು ಕಟ್ಟಿದ್ದರಿಂದ ಅರ್ಧ ತನ್ನದೆಂದೇ ಆ ಮನೆಯಲ್ಲೇ ಇದ್ದ ಅಕ್ಕ ನಂಬಿದ್ದಳು. ಆ ದುಡ್ಡಲ್ಲಿ ಸಣ್ಣದೊಂದು ಸ್ವಂತ ಮನೆ ಕೊಳ್ಳುವ ಆಸೆ ಅವಳಿಗೆ.

ನಾನು ತಖ್ತೆ ಹಾಕಿದೆ. ತಿಂಗಳ ಕಂತು ಎಂಟು ಸಾವಿರದ ಒಂಬೈನೂರ ತೊಂಬತ್ತೇಳು. ಮೊದಲ ತಿಂಗಳು ಹತ್ತು ಲಕ್ಷಕ್ಕೆ ಬಡ್ಡಿಯೇ ಏಳೂವರೆ ಸಾವಿರ. ಅಸಲಿಗೆ ಹೋದದ್ದು ಸಾವಿರದ ನಾನೂರ ತೊಂಬತ್ತೇಳು. ಉಳಿದ ಬಾಕಿಯ ಮೇಲೆ ಮುಂದಿನ ತಿಂಗಳ ಬಡ್ಡಿ, ಹೀಗೆ ಸಾಲು ಸಾಲಾಗಿ ಇಳಿದೆ. ಬಡ್ಡಿ ಕರಗುತ್ತದೆ, ಅಸಲು ಬೆಳೆಯುತ್ತದೆ, ಆದರೆ ಎಷ್ಟು ನಿಧಾನ! ಅಕ್ಕನ ಹತ್ತು ವರ್ಷದ ಕೊನೆಗೆ ಬಾಕಿ ಇನ್ನೂ ಏಳು ಲಕ್ಷ ಹತ್ತು ಸಾವಿರ. ಹತ್ತು ಲಕ್ಷ ಎಂಬತ್ತು ಸಾವಿರದಷ್ಟು ಕಟ್ಟಿದವಳು ತೀರಿಸಿದ ಅಸಲು ಮೂರು ಲಕ್ಷವೂ ಇಲ್ಲ. ಅಷ್ಟೇ ಕಟ್ಟಿದ ಅಣ್ಣನದು ಏಳು ಲಕ್ಷದ ಮೇಲೆ. ಎರಡು ಸಲ ತಾಳೆ ನೋಡಿದೆ. ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆಗೇ ಬಂದು ನಿಂತಿತು. ತಪ್ಪು ಸಿಗಲೆಂದು ಲೆಕ್ಕ ಹುಡುಕಿದ್ದು ಜೀವನದಲ್ಲಿ ಅದೊಂದೇ ಸಲ.

ಕಲಬುರಗಿಗೆ ಹೋಗಿ ತೋರಿಸಿದೆ. ಅಣ್ಣನಿಗೆ ಸಿಟ್ಟಿನಿಂದಲೇ ಹೇಳಿದೆ, "ಸಾಲ ದೊಡ್ಡದಿದ್ದಾಗ ಆಕಿ ಹೊತ್ತಾಳ. ಆಕಿ ಬಡ್ಡಿ ಕಟ್ಟಿದ್ದಕ್ಕೇ ಈ ಮನಿ ಉಳದದ."

ಅಣ್ಣ ಮಾವನ ಛಾಪಾ ಕಾಗದ ಮುಂದಿಟ್ಟ. "ಅಸಲು ಅಂತ ಬರದದ ತಮ್ಮಾ. ತಖ್ತೆ ನಾ ಮಾಡೀನೇನು? ನೀನೇ ಮಾಡೀದಿ."

ನಾನು ತಖ್ತೆಯ ಹಾಳೆಗಳನ್ನು ಅಕ್ಕನ ಮುಂದಿಟ್ಟೆ. ಅಕ್ಕ ಕನ್ನಡಕ ಹಾಕಿಕೊಂಡು ಸಾಲುಗಳ ಮೇಲೆ ಬೆರಳಾಡಿಸಿದಳು.

"ಬಂಗಾರದ ಬಳಿ ಮಾರಿ ಕಟ್ಟಿದ್ದೆನಲ್ಲ, ಮೊದಲನೇ ವರ್ಷದ ಕಡೀ ಕಂತು. ಅದರಾಗ ಅಸಲು ಎಷ್ಟದ?"

"ಸಾವಿರದ ಆರುನೂರು ಚಿಲ್ಲರ."

"ಉಳದದ್ದು?"

"ಬಡ್ಡಿ."

ಅವಳು ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟಳು.

"ಅಂದ್ರ ಹತ್ತು ವರ್ಷ ನಾ ಬಾಡಿಗಿಗೆ ಇದ್ದಂಗಾತು," ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, ಜಗಳದ ದನಿಯೇ ಇಲ್ಲದೆ ಕೇಳಿದಳು, "ಮನಿ ಯಾವಾಗ ಖಾಲಿ ಮಾಡ್ಲಿ?"